ಕ್ಯೂಬ್ ಒಡೆಯಿತು, ಕಾಂಕ್ರೀಟ್ ಕೆಟ್ಟಿತ್ತೇ?

ತಾರಸಿಗೆ ಕಾಂಕ್ರೀಟ್ ಹಾಕಿ ಒಂದು ತಿಂಗಳು ದಾಟಿದೆ. ಸೆಂಟ್ರಿಂಗ್ ಬಿಚ್ಚಿದ್ದಾರೆ, ಮೇಲಿನ ಅಂತಸ್ತಿನ ಗೋಡೆ ಏಳುತ್ತಿದೆ. ಆ ಹೊತ್ತಿಗೆ ರೆಡಿಮಿಕ್ಸ್ ಕಾಂಕ್ರೀಟ್ ಕಳಿಸಿದ ಘಟಕಕ್ಕೆ ಕಟ್ಟಡದ ಗುತ್ತಿಗೆದಾರರಿಂದ ಪತ್ರ ಬರುತ್ತದೆ: ‘ನೀವು ಕಳಿಸಿದ ಮಾಲು ಪರೀಕ್ಷೆಯಲ್ಲಿ ಫೇಲಾಗಿದೆ. ಬಿಲ್ಲಿನ ಹಣ ಕೊಡಲಾಗದು. ನಷ್ಟವನ್ನು ನೀವೇ ಭರಿಸಬೇಕು.’ ಜೊತೆಗೆ ಒಂದು ಪ್ರಯೋಗಾಲಯದ ವರದಿ.

ಬಟ್ಟೆಯೋ ಬೇಳೆಯೋ ಆಗಿದ್ದರೆ ಮಾಲನ್ನು ವಾಪಸು ತರಿಸಿಕೊಂಡು ನೋಡಬಹುದು. ಕಾಂಕ್ರೀಟ್ ಹಾಗಲ್ಲ. ಲಾರಿಯಿಂದ ಇಳಿದ ಕೆಲವೇ ಗಂಟೆಗಳಲ್ಲಿ ಅದು ಕಟ್ಟಡದ ಭಾಗವಾಗಿಬಿಡುತ್ತದೆ. ಕೊಟ್ಟವರ ಕೈಯಲ್ಲಿ ಉಳಿಯುವುದು ಕಾಗದಗಳು, ಕೊಂಡವರ ಕೈಯಲ್ಲಿ ಉಳಿಯುವುದು ಮೂರೋ ಆರೋ ಕ್ಯೂಬ್‌ಗಳು. ಹಾಗಾಗಿಯೇ ಈ ವ್ಯಾಪಾರದಲ್ಲಿ ದೂರಿಗೆ ಬರೆಯುವ ಉತ್ತರಕ್ಕೆ ಬೇರೆಲ್ಲ ಕಡೆಗಿಂತ ತೂಕ ಹೆಚ್ಚು. ಚೆನ್ನಾಗಿ ಬರೆದರೆ ಅದೊಂದೇ ಪತ್ರದಲ್ಲಿ ಜಗಳ ಮುಗಿಯುತ್ತದೆ. ಕೋಪದಲ್ಲಿ ಬರೆದರೆ ವರ್ಷಗಟ್ಟಲೆ ಎಳೆಯುತ್ತದೆ.

ಅಂಥ ಉತ್ತರ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಒಂದು ಮಾದರಿ ಪ್ರಕರಣದ ಮೂಲಕ ನೋಡಬಹುದು. ಇದರಲ್ಲಿನ ಲಾರಿ, ತೂಕ, ವೇಳೆಯ ಅಂಕಿಗಳನ್ನು ವಿವರಣೆಗಾಗಿ ಹೊಂದಿಸಲಾಗಿದೆ. ನಿಯಮಗಳು ಮಾತ್ರ ನಿಜವಾದವು.

ಎರಡಂತಸ್ತಿನ ಒಂದು ಕಟ್ಟಡದ ತಾರಸಿಗೆ ಎಂ25 ದರ್ಜೆಯ 24 ಘನ ಮೀಟರ್ ಕಾಂಕ್ರೀಟ್ ಬೇಕಾಗಿತ್ತು. ಘಟಕದವರು ಆರಾರು ಘನ ಮೀಟರಿನಂತೆ ನಾಲ್ಕು ಲಾರಿ ಕಳಿಸಿದರು. ಎಂ25 ಎಂದರೆ, 28 ದಿನ ನೀರಿನಲ್ಲಿಟ್ಟು ಹದಗೊಳಿಸಿದ 15 ಸೆಂಟಿಮೀಟರ್ ಉದ್ದಗಲದ ಕ್ಯೂಬ್ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳಬೇಕು. ಇಡೀ ಕ್ಯೂಬಿನ ಲೆಕ್ಕದಲ್ಲಿ ಅದು ಸುಮಾರು 57 ಟನ್ ಭಾರ. ಗುತ್ತಿಗೆದಾರರು ಕೊನೆಯ ಲಾರಿಯಿಂದ ಮೂರು ಕ್ಯೂಬ್ ತುಂಬಿಸಿ, 28ನೆಯ ದಿನ ಪ್ರಯೋಗಾಲಯದಲ್ಲಿ ಒಡೆಸಿದ್ದರು. ಸಿಕ್ಕ ಫಲ 14.2, 19.6 ಮತ್ತು 23.5 ನ್ಯೂಟನ್. ಸರಾಸರಿ 19.1. ದೂರು ಕೈಸೇರಿದ್ದು ಮಾಲು ಇಳಿಸಿದ 33ನೆಯ ದಿನ.

ಮೇಲ್ನೋಟಕ್ಕೆ ದೂರು ಗಟ್ಟಿಯಾಗಿಯೇ ಇದೆ. ಕಾಂಕ್ರೀಟ್ ಕೆಲಸಕ್ಕೆ ದೇಶದಲ್ಲಿ ಎಲ್ಲರೂ ಅನುಸರಿಸುವ ಐಎಸ್ 456 ಸಂಹಿತೆಯ ಪ್ರಕಾರ, ಎಂ25ರಲ್ಲಿ ಯಾವ ಒಂದು ಮಾದರಿಯ ಫಲವೂ 22 ನ್ಯೂಟನ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಇಲ್ಲಿ ಇಳಿದಿದೆ. ಅನೇಕ ಘಟಕಗಳ ಮಾಲೀಕರು ಎಡವುವುದು ಇಲ್ಲೇ. ‘ನಮ್ಮದು ಇಪ್ಪತ್ತು ವರ್ಷದ ಸಂಸ್ಥೆ, ಇಂಥ ದೂರು ಯಾವತ್ತೂ ಬಂದಿಲ್ಲ, ನಿಮ್ಮ ಕೆಲಸದವರಿಗೆ ಕೆಲಸವೇ ಗೊತ್ತಿಲ್ಲ’ ಎಂದು ಒಂದು ಪುಟ ಬರೆದು ಕಳಿಸುತ್ತಾರೆ. ಅದರಲ್ಲಿ ಪುರಾವೆ ಎನ್ನುವಂಥದ್ದು ಒಂದಕ್ಷರವೂ ಇರುವುದಿಲ್ಲ. ಇನ್ನು ಕೆಲವರು ಸಿಮೆಂಟ್ ಕಂಪನಿಯ ಪ್ರಮಾಣಪತ್ರವನ್ನು ಲಗತ್ತಿಸುತ್ತಾರೆ. ಸಿಮೆಂಟ್ ಚೆನ್ನಾಗಿತ್ತು ಎಂಬುದಷ್ಟನ್ನೇ ಅದು ಹೇಳುತ್ತದೆ. ಆ ದಿನ ಆ ಲಾರಿಯಲ್ಲಿದ್ದ ಕಾಂಕ್ರೀಟಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಅನುಭವವಿರುವ ಗುಣಮಟ್ಟದ ಎಂಜಿನಿಯರ್ ಮೊದಲು ಮಾಡುವ ಕೆಲಸ ಬೇರೆ. ತನ್ನ ಕಡತ ತೆರೆಯುವ ಮುನ್ನ ದೂರಿನ ಜೊತೆ ಬಂದ ವರದಿಯನ್ನು ಸಾಲುಸಾಲಾಗಿ ಓದುತ್ತಾರೆ. ದೂರನ್ನು ನಿರಾಕರಿಸಲು ಬೇಕಾದ ಅತ್ಯುತ್ತಮ ಆಧಾರ ಎಷ್ಟೋ ಸಲ ದೂರುದಾರರ ವರದಿಯಲ್ಲೇ ಇರುತ್ತದೆ.

ಈ ಪ್ರಕರಣದಲ್ಲೂ ಇತ್ತು. ಒಂದು ಮಾದರಿ ಎಂದರೆ ಒಂದೇ ಕಾಂಕ್ರೀಟಿನಿಂದ ಒಂದೇ ಹೊತ್ತಿನಲ್ಲಿ ತುಂಬಿದ ಮೂರು ಕ್ಯೂಬ್. ಅವು ಒಂದಕ್ಕೊಂದು ಹತ್ತಿರವಿರಬೇಕು. ಸಂಹಿತೆ ಇದಕ್ಕೊಂದು ಮಿತಿ ಹಾಕಿದೆ: ಯಾವ ಕ್ಯೂಬಿನ ಫಲವೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ಮೇಲೆ ಅಥವಾ ಕೆಳಗೆ ಹೋಗಬಾರದು. ಹೋದರೆ ಆ ಮಾದರಿಯ ಫಲವೇ ಅಸಿಂಧು. 19.1ರ ಶೇಕಡಾ 15 ಎಂದರೆ ಸುಮಾರು 2.9. ಅಂದರೆ ಮೂರೂ ಫಲಗಳು 16.2ರಿಂದ 22ರ ಒಳಗೆ ಬರಬೇಕಿತ್ತು. 14.2 ಕೆಳಗೆ ಬಿದ್ದಿದೆ, 23.5 ಮೇಲೆ ಹೋಗಿದೆ. ಮೂರರಲ್ಲಿ ಎರಡು ಗೆರೆ ದಾಟಿವೆ. ಈ ಮಾದರಿಯ ಸರಾಸರಿ ತೆಗೆದು ಪಾಸು ಫೇಲು ಹೇಳುವ ಹಾಗೆಯೇ ಇಲ್ಲ.

ಹಾಗೆಂದು ‘ನಿಮ್ಮ ಪರೀಕ್ಷೆ ಅಸಿಂಧು’ ಎಂದು ಬರೆದು ನಿಲ್ಲಿಸಿದರೆ ಕೊಂಡವರ ಅನುಮಾನ ಹೋಗುವುದಿಲ್ಲ, ಹೋಗಲೂಬಾರದು. ತಾರಸಿಯ ಕೆಳಗೆ ಜನ ವಾಸ ಮಾಡುತ್ತಾರೆ. ಒಂದೇ ಕಾಂಕ್ರೀಟಿನ ಮೂರು ಕ್ಯೂಬ್ ಇಷ್ಟು ಚದುರಿದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಬೇಕು. ಅದನ್ನು ಹೇಳುವುದು ವರದಿಯಲ್ಲಿ ಯಾರೂ ಗಮನಿಸದ ಒಂದು ಕಾಲಂ, ಒಡೆಯುವ ಮೊದಲು ಪ್ರತಿ ಕ್ಯೂಬನ್ನು ತೂಗಿ ಬರೆದ ತೂಕ.

ಚೆನ್ನಾಗಿ ಗಟ್ಟಿಸಿದ 15 ಸೆಂಟಿಮೀಟರ್ ಕ್ಯೂಬ್ ಸಾಮಾನ್ಯವಾಗಿ 8.1 ಕಿಲೋ ಆಸುಪಾಸಿನಲ್ಲಿ ತೂಗುತ್ತದೆ. ದೂರಿನ ವರದಿಯಲ್ಲಿದ್ದ ತೂಕಗಳು 7.5, 7.75 ಮತ್ತು 7.95 ಕಿಲೋ. ಅಚ್ಚಿನ ಅಳತೆ ಒಂದೇ, ಕಾಂಕ್ರೀಟ್ ಒಂದೇ, ತೂಕ ಮಾತ್ರ ಬೇರೆ ಬೇರೆ. ಕಡಿಮೆಯಾದ ತೂಕದ ಜಾಗದಲ್ಲಿ ಇದ್ದದ್ದು ಗಾಳಿ. ಕಾಂಕ್ರೀಟಿನಲ್ಲಿ ಶೇಕಡಾ ಒಂದರಷ್ಟು ಗಾಳಿಯ ಪೊಳ್ಳು ಉಳಿದರೆ ಶಕ್ತಿ ಸುಮಾರು ಶೇಕಡಾ ಐದಾರು ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಒಪ್ಪಿತವಾದ ಅಂದಾಜು. 7.5 ಕಿಲೋ ಕ್ಯೂಬಿನಲ್ಲಿ ಪೊಳ್ಳು ಶೇಕಡಾ ಎಂಟರ ಹತ್ತಿರ. ಅದರ ಶಕ್ತಿಯ ಹತ್ತಿರಹತ್ತಿರ ಅರ್ಧದಷ್ಟು ಅಲ್ಲೇ ಸೋರಿಹೋಗಿದೆ. ಮೂರು ಕ್ಯೂಬ್‌ಗಳಲ್ಲಿ ಅತಿ ಹಗುರವಾದದ್ದೇ ಅತಿ ದುರ್ಬಲ, ಅತಿ ಭಾರದ್ದೇ ಅತಿ ಬಲ. ಈ ಹೊಂದಾಣಿಕೆ ಆಕಸ್ಮಿಕವಾಗಿ ಬರುವಂಥದ್ದಲ್ಲ.

ಕ್ಯೂಬ್ ತುಂಬುವ ಕ್ರಮ ಗೊತ್ತಿದ್ದವರಿಗೆ ಕಾರಣವೂ ಕಾಣುತ್ತದೆ. ಅಚ್ಚನ್ನು ಒಮ್ಮೆಲೇ ತುಂಬಬಾರದು. ಸುಮಾರು ಐದು ಸೆಂಟಿಮೀಟರಿನ ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ 16 ಮಿಲಿಮೀಟರ್ ದಪ್ಪದ ಉಕ್ಕಿನ ಸರಳಿನಿಂದ 35 ಸಲ ಕುಟ್ಟಬೇಕು. ಒಂದು ಕ್ಯೂಬಿಗೆ ನೂರೈದು ಏಟು. ಮಧ್ಯಾಹ್ನದ ಬಿಸಿಲಲ್ಲಿ, ಕಾಂಕ್ರೀಟ್ ಸುರಿಯುವ ಗಡಿಬಿಡಿಯಲ್ಲಿ, ಕರಣೆಯಿಂದ ತುಂಬಿ ಮೇಲೆ ಸವರಿಬಿಡುವ ಹುಡುಗನಿಗೆ ಈ ಲೆಕ್ಕವನ್ನು ಯಾರೂ ಕಲಿಸಿರುವುದಿಲ್ಲ. ಅವನ ತಪ್ಪು ಎನ್ನುವುದಕ್ಕಿಂತ ಅವನ ಮೇಲಿನವರ ಅಲಕ್ಷ್ಯ ಎನ್ನುವುದೇ ಸರಿ. ಅಂತೂ ಪರೀಕ್ಷೆಯಲ್ಲಿ ಫೇಲಾದದ್ದು ಕ್ಯೂಬ್ ತುಂಬಿದ ಕೆಲಸ. ತಾರಸಿಗೆ ಹಾಕಿದ ಕಾಂಕ್ರೀಟಿಗೆ ವೈಬ್ರೇಟರ್ ಹಿಡಿದಿದ್ದಾರೆ, ಅದರ ಗತಿ ಬೇರೆ.

ಇಷ್ಟು ಓದಿದ ಮೇಲೆ ಘಟಕದ ಕಡತ ತೆರೆಯಬೇಕು. ಅದರಲ್ಲಿ ಮೊದಲು ಬರುವುದು ಬ್ಯಾಚ್ ಮುದ್ರಿಕೆ. ಪ್ರತಿ ಲಾರಿಗೂ ಎಷ್ಟು ಸಿಮೆಂಟ್, ಎಷ್ಟು ಮರಳು, ಜಲ್ಲಿ, ನೀರು, ರಾಸಾಯನಿಕ ಬಿದ್ದಿತು ಎಂಬುದನ್ನು ತೂಕದ ಯಂತ್ರದಿಂದಲೇ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಎರಡನೆಯದು ಘಟಕದವರೇ ಅದೇ ದಿನ ತುಂಬಿಟ್ಟ ಕ್ಯೂಬ್‌ಗಳ ಫಲ. ಇಲ್ಲಿ ಮೊದಲ ಮತ್ತು ನಾಲ್ಕನೆಯ ಲಾರಿಯಿಂದ ಮಾದರಿ ತೆಗೆದಿದ್ದರು. 28 ದಿನದ ಸರಾಸರಿ 32.4 ಮತ್ತು 31.6, ತೂಕವೆಲ್ಲ 8.1 ಕಿಲೋದ ಮೇಲೆ.

ಮೂರನೆಯದು ಡೆಲಿವರಿ ಚಲನ್. ರೆಡಿಮಿಕ್ಸ್ ಕಾಂಕ್ರೀಟಿನ ಸಂಹಿತೆಯಾದ ಐಎಸ್ 4926 ಈ ಹಾಳೆಗೆ ದೊಡ್ಡ ಸ್ಥಾನ ಕೊಟ್ಟಿದೆ. ಲಾರಿಗೆ ತುಂಬಿದ ವೇಳೆ, ಸೈಟ್ ತಲುಪಿದ ವೇಳೆ, ಸುರಿದು ಮುಗಿಸಿದ ವೇಳೆ, ದರ್ಜೆ, ಸ್ಲಂಪ್, ಕೊಂಡವರ ಕಡೆಯವರ ಸಹಿ, ಎಲ್ಲವೂ ಅದರಲ್ಲಿರಬೇಕು. ತುಂಬಿದ ಎರಡು ಗಂಟೆಯೊಳಗೆ ಸುರಿಯಬೇಕು ಎಂಬುದು ಸಾಮಾನ್ಯ ನಿಯಮ. ಗಟ್ಟಿಯಾಗುವುದನ್ನು ನಿಧಾನಿಸುವ ರಾಸಾಯನಿಕ ಬಳಸಿದ್ದರೆ ಹೆಚ್ಚು ಕಾಲ ಸಿಗುತ್ತದೆ. ನಾಲ್ಕನೆಯ ಲಾರಿಯ ಚಲನ್ ಪ್ರಕಾರ ತುಂಬಿದ್ದು 10.40ಕ್ಕೆ, ತಲುಪಿದ್ದು 11.35ಕ್ಕೆ, ಮುಗಿದದ್ದು 12.30ಕ್ಕೆ. ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಸೈಟಿನಲ್ಲಿ ಪಂಪಿನ ಕೊಳವೆ ಕಟ್ಟಿಕೊಂಡು ಲಾರಿ ಕಾಯಬೇಕಾಯಿತು ಎಂಬ ಟಿಪ್ಪಣಿಯೂ ಇದೆ. ಅದರ ಕೆಳಗೆ ಇನ್ನೊಂದು ಸಾಲು: ‘ಸೈಟಿನವರ ಕೋರಿಕೆಯಂತೆ 60 ಲೀಟರ್ ನೀರು ಸೇರಿಸಲಾಗಿದೆ.’ ಪಕ್ಕದಲ್ಲಿ ಸೈಟ್ ಎಂಜಿನಿಯರ್ ಸಹಿ.

ಕಾಂಕ್ರೀಟ್ ಬಿಗಿಯಾದಂತೆ ಕಂಡರೆ ‘ಸ್ವಲ್ಪ ನೀರು ಬಿಡಪ್ಪಾ’ ಎಂದು ಮೇಸ್ತ್ರಿ ಚಾಲಕನಿಗೆ ಕೂಗುವುದು ಯಾವ ಸೈಟಿಗೂ ಹೊಸದಲ್ಲ. ಒಳ್ಳೆಯ ಚಾಲಕ ಬರೆಸಿಕೊಂಡು ಬಿಡುತ್ತಾನೆ. ಸಹಿಯಿಲ್ಲದೆ ನೀರು ಬಿಟ್ಟರೆ, ಅದು ಯಾರು ಹಾಕಿದ ನೀರು ಎಂಬುದನ್ನು ಮುಂದೆ ಯಾರೂ ಸಾಬೀತು ಮಾಡಲಾರರು.

ಇಲ್ಲಿ ಉತ್ತರ ಬರೆಯುವವರ ಪ್ರಾಮಾಣಿಕತೆಗೆ ಪರೀಕ್ಷೆ ಎದುರಾಗುತ್ತದೆ. ಸಿಕ್ಕ ಈ ಒಂದು ಸಾಲನ್ನೇ ಹಿಡಿದು ಎಲ್ಲ ದೋಷವನ್ನೂ ನೀರಿನ ಮೇಲೆ ಹೊರಿಸುವ ಆಸೆ ಸಹಜ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಆರು ಘನ ಮೀಟರಿಗೆ 60 ಲೀಟರ್ ಎಂದರೆ ಪ್ರತಿ ಘನ ಮೀಟರಿಗೆ ಹತ್ತು ಲೀಟರ್. ಪ್ರತಿ ಐದು ಲೀಟರಿಗೆ ಶಕ್ತಿ ಸುಮಾರು ಶೇಕಡಾ ಐದು ಇಳಿಯುತ್ತದೆ ಎಂಬ ಒರಟು ಅಂದಾಜಿನಲ್ಲಿ ಶೇಕಡಾ ಹತ್ತು ಹೋಗಿರಬಹುದು. 31.6 ಇದ್ದದ್ದು 28ಕ್ಕೆ ಬಂದಿತು. 19ಕ್ಕೆ ಬೀಳಲು ನೀರೊಂದೇ ಸಾಲದು, ಪೊಳ್ಳು ಸೇರಬೇಕು. ಎರಡನ್ನೂ ಅದರದರ ಪಾಲಿನಷ್ಟೇ ಹೇಳಿದ ಪತ್ರವನ್ನು ತಿಳಿದ ಎಂಜಿನಿಯರ್ ನಂಬುತ್ತಾರೆ. ಉಬ್ಬಿಸಿ ಹೇಳಿದ್ದನ್ನು ಅವರು ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ, ಆಮೇಲೆ ಪತ್ರದ ಉಳಿದ ಭಾಗವನ್ನೂ ನಂಬುವುದಿಲ್ಲ.

ಘಟಕದ ಕ್ಯೂಬ್ ವರದಿಗೂ ಒಂದು ಮಿತಿಯಿದೆ. ಆ ಮಾದರಿ ತೆಗೆದದ್ದು ಲಾರಿ ಹೊರಡುವ ಮುನ್ನ, ಅಂದರೆ ನೀರು ಸೇರುವ ಮುನ್ನ. ಕಳಿಸಿದ ಮಾಲು ಒಪ್ಪಂದದಂತೆ ಇತ್ತು ಎಂಬುದಕ್ಕೆ ಅದು ಸಾಕ್ಷಿ. ತಾರಸಿಯಲ್ಲಿ ಈಗ ಇರುವ ಕಾಂಕ್ರೀಟ್ ಎಷ್ಟು ಗಟ್ಟಿ ಎಂಬುದಕ್ಕಲ್ಲ. ಮೇಲಾಗಿ ತಮ್ಮ ಮಾಲಿಗೆ ತಾವೇ ಕೊಟ್ಟುಕೊಂಡ ಅಂಕ ಎಂದು ಕೊಂಡವರು ಹೇಳಿದರೆ ತಪ್ಪೇನಲ್ಲ. ಅದಕ್ಕೇ ಕೆಲವು ಘಟಕಗಳು ಆಗಾಗ ಹೊರಗಿನ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೂ ಕ್ಯೂಬ್ ಒಡೆಸಿ ಇಟ್ಟುಕೊಳ್ಳುತ್ತವೆ. ಖರ್ಚು ಅಲ್ಪ, ಇಂಥ ದಿನ ಬಂದಾಗ ಅದರ ಬೆಲೆ ದೊಡ್ಡದು.

ಹಾಗೆ ತಯಾರಾದ ಉತ್ತರದ ಮುಖ್ಯ ಭಾಗ ಹೀಗಿರಬಹುದು:

‘ಮಾನ್ಯರೇ,

ತಾರಸಿಗೆ ಪೂರೈಸಿದ 24 ಘನ ಮೀಟರ್ ಎಂ25 ಕಾಂಕ್ರೀಟಿನ ಬಗ್ಗೆ ತಾವು ಬರೆದ ಪತ್ರ ತಲುಪಿದೆ. ತಮ್ಮ ವರದಿಯನ್ನೂ ನಮ್ಮ ದಾಖಲೆಗಳನ್ನೂ ಪರಿಶೀಲಿಸಿದ್ದೇವೆ. ಕೆಳಗಿನ ಕಾರಣಗಳಿಂದ ಈ ದೂರನ್ನು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ.

ತಮ್ಮ ವರದಿಯ ಮೂರು ಕ್ಯೂಬ್‌ಗಳಲ್ಲಿ ಎರಡು, ಸರಾಸರಿಯಿಂದ ಶೇಕಡಾ 15ರ ಮಿತಿಯನ್ನು ದಾಟಿವೆ. ಐಎಸ್ 456ರ ಪ್ರಕಾರ ಈ ಮಾದರಿಯ ಫಲವನ್ನು ಪರಿಗಣಿಸುವಂತಿಲ್ಲ. ಅದೇ ವರದಿಯಲ್ಲಿರುವ ಕ್ಯೂಬ್‌ಗಳ ತೂಕ 7.5ರಿಂದ 7.95 ಕಿಲೋ ಇದ್ದು, ಅವನ್ನು ಸರಿಯಾಗಿ ಗಟ್ಟಿಸಿಲ್ಲ ಎಂಬುದನ್ನು ತೋರಿಸುತ್ತದೆ. ನಾಲ್ಕನೆಯ ಲಾರಿಗೆ ತಮ್ಮ ಸೈಟಿನ ಕೋರಿಕೆಯಂತೆ 60 ಲೀಟರ್ ನೀರು ಸೇರಿಸಿದ್ದು, ತಮ್ಮ ಎಂಜಿನಿಯರ್ ಚಲನ್‌ಗೆ ಸಹಿ ಮಾಡಿದ್ದಾರೆ. ನೀರು ಸೇರಿಸುವ ಮುನ್ನ ನಮ್ಮಲ್ಲಿ ತೆಗೆದ ಮಾದರಿಯ 28 ದಿನದ ಫಲ 31.6 ನ್ಯೂಟನ್. ನಾಲ್ಕೂ ಲಾರಿಗಳ ಬ್ಯಾಚ್ ಮುದ್ರಿಕೆ, ಚಲನ್ ಮತ್ತು ಕ್ಯೂಬ್ ವರದಿಗಳನ್ನು ಲಗತ್ತಿಸಿದ್ದೇವೆ.

ತಾರಸಿಯ ಬಲದ ಬಗ್ಗೆ ತಮಗಿರುವ ಕಾಳಜಿ ನಮಗೂ ಇದೆ. ಇಬ್ಬರೂ ಒಪ್ಪುವ ಪ್ರಯೋಗಾಲಯದಿಂದ, ಇಬ್ಬರ ಸಮ್ಮುಖದಲ್ಲಿ, ನಾಲ್ಕನೆಯ ಲಾರಿಯ ಭಾಗದಿಂದ ಕೋರ್ ತೆಗೆಸಿ ಪರೀಕ್ಷಿಸಲು ಸಿದ್ಧರಿದ್ದೇವೆ. ಸಂಹಿತೆಯ ಮಿತಿಗೆ ಫಲ ಬಾರದಿದ್ದರೆ ಪರೀಕ್ಷೆಯ ಖರ್ಚನ್ನು ನಾವು ಭರಿಸುತ್ತೇವೆ, ಬಂದರೆ ತಾವು ಭರಿಸಬೇಕು.’

ಪತ್ರದಲ್ಲಿ ಗಮನಿಸಬೇಕಾದದ್ದು, ಬರೆದದ್ದರಷ್ಟೇ ಬರೆಯದೆ ಬಿಟ್ಟದ್ದು. ‘ಹಣ ತಪ್ಪಿಸಿಕೊಳ್ಳಲು ಮಾಡಿದ ದೂರು’ ಎಂಬ ಆರೋಪ ಇಲ್ಲ. ನಿಜವಾಗಿ ಹಾಗೇ ಇದ್ದರೂ ಅದಕ್ಕೆ ಪುರಾವೆ ಇರುವುದಿಲ್ಲ. ‘ಸಂಬಂಧ ಕೆಡಬಾರದೆಂದು ಹತ್ತು ಪರ್ಸೆಂಟ್ ಬಿಡುತ್ತೇವೆ’ ಎಂಬ ಮಾತೂ ಇಲ್ಲ. ನಿರಾಕರಣೆಯ ಪತ್ರದಲ್ಲೇ ರಿಯಾಯಿತಿ ಕೊಟ್ಟರೆ ಓದಿದವರಿಗೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಬಿಡಬೇಕೆನ್ನಿಸಿದರೆ ವಿವಾದ ತೀರಿದ ಮೇಲೆ, ಬೇರೆ ಪತ್ರದಲ್ಲಿ ಬಿಡಬಹುದು.

ಇನ್ನೊಂದು ವಾದವನ್ನೂ ಬೇಕೆಂದೇ ಬಿಟ್ಟಿದ್ದಾರೆ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಬಂದ ಎಂಎಸ್ಎಂಇಡಿ ಕಾಯ್ದೆಯ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಕೊಂಡವರು ಲಿಖಿತವಾಗಿ ಆಕ್ಷೇಪಿಸದಿದ್ದರೆ ಮಾಲನ್ನು ಒಪ್ಪಿಕೊಂಡಂತೆ. ಇಲ್ಲಿ ಆಕ್ಷೇಪ ಬಂದದ್ದು 33ನೆಯ ದಿನ. ‘ಅವಧಿ ಮುಗಿದಿದೆ, ನಿಮ್ಮ ದೂರು ಕೇಳುವುದೇ ಇಲ್ಲ’ ಎನ್ನಬಹುದಲ್ಲವೇ? ಎನ್ನಬಾರದು. ಆ 15 ದಿನ ಮುಖ್ಯವಾಗಿ ಹಣ ಕೊಡುವ ಗಡುವು ಎಂದಿನಿಂದ ಶುರು ಎಂಬುದನ್ನು ತೀರ್ಮಾನಿಸುತ್ತದೆ. 28 ದಿನಕ್ಕೆ ಗೊತ್ತಾಗುವ ದೋಷವನ್ನು 15 ದಿನದಲ್ಲಿ ಹೇಳಿ ಎನ್ನುವುದರಲ್ಲಿ ನ್ಯಾಯವೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮಾಲು ಒಪ್ಪಿಕೊಂಡ ಕೊಂಡುಕೊಳ್ಳುವವರಿಗೂ ದೋಷಕ್ಕೆ ಪರಿಹಾರ ಕೇಳುವ, ಬೆಲೆ ತಗ್ಗಿಸಿ ಎನ್ನುವ ಹಕ್ಕು ಉಳಿದಿರುತ್ತದೆ. ಗಟ್ಟಿಯಾದ ತಾಂತ್ರಿಕ ಉತ್ತರ ಕೈಯಲ್ಲಿರುವಾಗ ಸಡಿಲವಾದ ಕಾನೂನಿನ ಮಾತನ್ನು ಮುಂದೆ ಮಾಡಿದರೆ ಪತ್ರವೇ ಸೊರಗುತ್ತದೆ.

ಕೋರ್ ಪರೀಕ್ಷೆಗೆ ಗುತ್ತಿಗೆದಾರರು ಒಪ್ಪಿದರು ಎಂದಿಟ್ಟುಕೊಳ್ಳೋಣ. ತಾರಸಿಯಿಂದ ಕೊಳವೆಯಾಕಾರದ ಕನಿಷ್ಠ ಮೂರು ತುಂಡು ಕೊರೆದು ತೆಗೆಯಬೇಕು. ಎಲ್ಲಿ ಕೊರೆಯಬೇಕು ಎಂಬುದನ್ನು ಚಲನ್ ನೋಡಿ, ಯಾವ ಲಾರಿಯ ಕಾಂಕ್ರೀಟ್ ಎಲ್ಲಿ ಬಿತ್ತೆಂದು ಗುರುತಿಸಿ ನಿರ್ಧರಿಸಬೇಕು. ಕಬ್ಬಿಣ ಕತ್ತರಿಸದಂತೆ ಮೊದಲೇ ಪತ್ತೆಹಚ್ಚಿಕೊಳ್ಳಬೇಕು. ಕೊರೆದ ಜಾಗ ಮುಚ್ಚುವುದು ಯಾರ ಹೊಣೆ ಎಂಬುದನ್ನೂ ಬರೆದುಕೊಂಡಿರಬೇಕು. ಕಟ್ಟಡದೊಳಗಿನ ಕಾಂಕ್ರೀಟಿಗೆ ಕ್ಯೂಬಿನಂತೆ 28 ದಿನ ನೀರಿನ ತೊಟ್ಟಿಯ ಆರೈಕೆ ಸಿಕ್ಕಿರುವುದಿಲ್ಲ. ಆದ್ದರಿಂದ ಸಂಹಿತೆ ಸ್ವಲ್ಪ ವಿನಾಯಿತಿ ಕೊಡುತ್ತದೆ: ಕ್ಯೂಬಿನ ಬಲಕ್ಕೆ ಪರಿವರ್ತಿಸಿದ ಸರಾಸರಿ ದರ್ಜೆಯ ಶೇಕಡಾ 85 ಮುಟ್ಟಬೇಕು, ಯಾವ ಒಂದು ಕೋರ್ ಕೂಡ ಶೇಕಡಾ 75ಕ್ಕಿಂತ ಕೆಳಗಿರಬಾರದು. ಎಂ25ಕ್ಕೆ ಸರಾಸರಿ 21.25, ಕನಿಷ್ಠ 18.75. ಮಾದರಿ ಪ್ರಕರಣದಲ್ಲಿ ಮೂರು ಕೋರ್‌ಗಳ ಸರಾಸರಿ 23.9, ಅತಿ ಕಡಿಮೆಯದು 21.8. ತಾರಸಿ ಪಾಸು.

ಬಡಿಗೆಯಂತೆ ತಟ್ಟಿ ನೋಡುವ ರೀಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗ, ಗುರುತೂ ಉಳಿಯುವುದಿಲ್ಲ. ಅದನ್ನೇ ಮಾಡಿ ಮುಗಿಸೋಣ ಎನ್ನುವವರಿದ್ದಾರೆ. ಅದು ಮೇಲ್ಮೈಯ ಗಡಸುತನ ಅಳೆಯುತ್ತದೆ, ಅದರ ಅಂದಾಜು ಶೇಕಡಾ 25ರಷ್ಟು ಆಚೀಚೆ ಆಗಬಹುದು. ಎಲ್ಲಿ ಕೋರ್ ತೆಗೆಯಬೇಕೆಂದು ಹುಡುಕಲು ಒಳ್ಳೆಯದು, ತೀರ್ಪು ಕೊಡಲು ಸಾಲದು.

ಇಷ್ಟಾದರೂ ಹಣ ಬಾರದಿದ್ದರೆ? ಘಟಕ ಸಣ್ಣ ಉದ್ದಿಮೆಯಾಗಿದ್ದು, ವ್ಯವಹಾರಕ್ಕೆ ಮೊದಲೇ ನೋಂದಣಿ ಮಾಡಿಸಿಕೊಂಡಿದ್ದರೆ ಎಂಎಸ್ಎಂಇಡಿ ಕಾಯ್ದೆ ನೆರವಿಗೆ ಬರುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಒಯ್ಯಬೇಕಾದದ್ದು ರಾಜ್ಯದ ಸೌಲಭ್ಯ ಮಂಡಳಿಗೆ, ಅದಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ಅಲ್ಲಿಗೆ ಹೋದೊಡನೆ ಗುಣಮಟ್ಟದ ತಕರಾರು ಮಾಯವಾಗುತ್ತದೆ ಎಂದುಕೊಳ್ಳಬಾರದು. ಕೊಂಡವರು ಮಂಡಳಿಯ ಮುಂದೆಯೇ ಪ್ರತಿದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅಂದರೆ ಅಲ್ಲಿಯೂ ಮೇಜಿನ ಮೇಲೆ ಬರುವುದು ಅದೇ ಚಲನ್, ಅದೇ ಮುದ್ರಿಕೆ, ಅದೇ ಕ್ಯೂಬಿನ ತೂಕ. ಬ್ಯಾಚ್ ಮುದ್ರಿಕೆ ಕಂಪ್ಯೂಟರಿನ ದಾಖಲೆಯಾದ್ದರಿಂದ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ನ್ಯಾಯಾಲಯದಲ್ಲಿ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತದೆ. ಕಂಪ್ಯೂಟರ್ ಕೆಟ್ಟು ಹಳೆಯ ದಾಖಲೆ ಅಳಿಸಿಹೋಗಿದೆ ಎನ್ನುವ ಘಟಕಗಳು ಕಡಿಮೆಯಿಲ್ಲ. ಪ್ರತಿ ಲಾರಿ ಹೊರಟಾಗಲೇ ಮುದ್ರಿಕೆಯ ಪ್ರತಿ ತೆಗೆದು, ಸಹಿಯಾಗಿ ವಾಪಸು ಬಂದ ಚಲನ್ ಜೊತೆ ಪಿನ್ ಹಾಕಿ, 28ನೆಯ ದಿನ ಕ್ಯೂಬ್ ವರದಿಯನ್ನು ಅದಕ್ಕೇ ಸೇರಿಸಿಡುವ ಘಟಕಕ್ಕೆ ಇಂಥ ಉತ್ತರ ಬರೆಯಲು ಒಂದು ಮಧ್ಯಾಹ್ನ ಸಾಕು.